ಅಂಶದಲ್ಲಿ x, ಛೇದದಲ್ಲಿ ಒಡೆಯದ ವರ್ಗ: ಲಾಗ್ ಎಷ್ಟು, ಟ್ಯಾನ್ ಇನ್ವರ್ಸ್ ಎಷ್ಟು?

ಚಿಂಚವಾಡದ ನಮ್ಮ ಸೊಸೈಟಿಯಲ್ಲಿ ವಿಜಯಪುರ ಕಡೆಯ ಮನೆಗಳು ನಾಲ್ಕಾರಿವೆ. ಅದರಲ್ಲೊಂದು ಮನೆಯ ಹುಡುಗಿ ಈ ವರ್ಷ ಹನ್ನೆರಡನೇ ಕ್ಲಾಸು. ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದುಕೊಂಡು ಬರುತ್ತಾಳೆ. ಹೋದ ವಾರ ತಂದ ಲೆಕ್ಕ ಇದು:

```
∫ (3x + 5)/(x² + 4x + 13) dx
```

ಅವಳು ಬರೆದ ಉತ್ತರ:

```
(3/2) log(x² + 4x + 13) + (5/3) tan⁻¹((x + 2)/3) + C
```

"ಕಾಕಾ, ಲಾಗ್ ಬರೋಬರಿ ಐತಿ ಅಂತಾರ, ಟ್ಯಾನ್ ಇನ್ವರ್ಸ್ ಅಷ್ಟ ತಪ್ಪು ಅಂತಾರ. ಹಿಂದ್ ಉತ್ತರ ನೋಡಿದ್ರ ಐದು ಎಲ್ಲೂ ಇಲ್ಲ. ಐದು ಎಲ್ಲಿ ಹೋತ್ರಿ?"

ಪ್ರಶ್ನೆ ಸರಿಯಾಗಿಯೇ ಇದೆ. ಈ ಲೆಕ್ಕದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ. ಅವಳು ಅಂಶವನ್ನು ಕಣ್ಣಿಗೆ ಕಂಡ ಹಾಗೆ 3x ಮತ್ತು 5 ಎಂದು ಹರಿದಿದ್ದಾಳೆ. x ಇರುವುದು ಲಾಗ್‌ಗೆ, ಬರೀ ಅಂಕಿ ಟ್ಯಾನ್ ಇನ್ವರ್ಸ್‌ಗೆ. ಹರಿಯಬೇಕಾದ ಗೆರೆ ಅಲ್ಲಿಲ್ಲ. ಅದು ಎಲ್ಲಿದೆ ಎಂದು ಹೇಳುವುದು ಛೇದ.

ಮೊದಲು ಛೇದವನ್ನು ನೋಡಿ

ಪೆನ್ನು ಓಡಿಸುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಬೇಕು. ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆ ಇರಬೇಕು. ಅಂಶದಲ್ಲೂ x² ಇದ್ದರೆ ಮೊದಲು ಭಾಗಾಕಾರ ಮಾಡಿ, ಉಳಿದ ಶೇಷಕ್ಕೆ ಈ ಕ್ರಮ ಹಚ್ಚಬೇಕು. ಎರಡನೆಯದು ಶೋಧಕ, b² − 4ac. ನಮ್ಮ ಲೆಕ್ಕದಲ್ಲಿ ಅದು 16 − 52 = −36. ಋಣ ಬಂತು ಅಂದರೆ ಛೇದಕ್ಕೆ ವಾಸ್ತವ ಮೂಲಗಳಿಲ್ಲ, ಅದು ಅಪವರ್ತನವಾಗಿ ಒಡೆಯುವುದಿಲ್ಲ, ಮುಂದೆ ಟ್ಯಾನ್ ಇನ್ವರ್ಸ್ ಬರುತ್ತದೆ. ಶೋಧಕ ಧನ ಇದ್ದರೆ ಛೇದ ಎರಡು ಸರಳ ಅಪವರ್ತನಗಳಾಗಿ ಒಡೆದು ಎರಡೂ ಕಡೆ ಲಾಗ್ ಬರುತ್ತದೆ, ಟ್ಯಾನ್ ಇನ್ವರ್ಸ್‌ಗೆ ಅಲ್ಲಿ ಕೆಲಸವಿಲ್ಲ. ಸೊನ್ನೆ ಬಂದರೆ ಛೇದವೇ ಪೂರ್ಣ ವರ್ಗ. ಆಗ ಬರುವುದು ಒಂದು ಲಾಗ್, ಒಂದು 1/(x − r) ಜಾತಿಯ ಪದ.

ಶೋಧಕ ಋಣ ಎಂದು ತಿಳಿದ ಮೇಲೆ ಒಂದು ಸಣ್ಣ ಲಾಭವೂ ಇದೆ. x² ನ ಗುಣಕ ಧನವಾಗಿದ್ದರೆ ಛೇದ ಎಂದೂ ಸೊನ್ನೆ ಮುಟ್ಟುವುದಿಲ್ಲ, ಸದಾ ಧನ. ಹಾಗಾಗಿ ಲಾಗ್ ಒಳಗೆ ಮಾಡ್ಯುಲಸ್ ಗೆರೆ ಬೇಕಿಲ್ಲ. ಹಾಕಿದರೆ ತಪ್ಪೇನೂ ಅಲ್ಲ.

ಗೆರೆ ಎಳೆಯುವುದು

ಲಾಗ್ ಬರಬೇಕಾದರೆ ಅಂಶದಲ್ಲಿ ಛೇದದ ಡೆರಿವೇಟಿವ್ ಇಡಿಯಾಗಿ ಕೂತಿರಬೇಕು. ಅದರ ಅರ್ಧ ತುಂಡು ಕೂತರೆ ಸಾಲದು. x² + 4x + 13 ರ ಡೆರಿವೇಟಿವ್ 2x + 4. ಈ 4 ಅನ್ನು ಮರೆತು 2x ಒಂದನ್ನೇ ಡೆರಿವೇಟಿವ್ ಎಂದು ಭಾವಿಸಿದ್ದೇ ಹುಡುಗಿಯ ತಪ್ಪು. ಛೇದದಲ್ಲಿ ನಡುವಿನ 4x ಪದ ಇಲ್ಲದಿದ್ದರೆ ಅವಳ ದಾರಿ ಸರಿಯಾಗಿಯೇ ಇರುತ್ತಿತ್ತು, ಆಗ 2x ಒಂದೇ ಡೆರಿವೇಟಿವ್. ಪುಸ್ತಕದ ಮೊದಲ ಲೆಕ್ಕಗಳೆಲ್ಲ x² + 9 ನಂಥವೇ ಇರುವುದರಿಂದ ಆ ಅಭ್ಯಾಸ ಕೈಗೆ ಹತ್ತಿಬಿಡುತ್ತದೆ.

ಈಗ ಅಂಶವನ್ನು ಹೀಗೆ ಬರೆಯುವುದು ಗುರಿ:

```
3x + 5 = A(2x + 4) + B
```

x ನ ಗುಣಕ ಹೋಲಿಸಿದರೆ 2A = 3, ಅಂದರೆ A = 3/2. ಅದನ್ನು ಹಾಕಿ ಬಿಡಿಸಿದರೆ (3/2)(2x + 4) = 3x + 6. ನಮಗೆ ಬೇಕಿದ್ದದ್ದು 5, ಬಂದದ್ದು 6. ಒಂದು ಹೆಚ್ಚಿಗೆ ಬಂತು, ವಾಪಸು ಕೊಡಬೇಕು. ಹಾಗಾಗಿ B = −1.

```
3x + 5 = (3/2)(2x + 4) − 1
```

ಐದು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇದು: ಅದು ಪೂರ್ತಿ ಲಾಗ್‌ನ ಪಾಲಿಗೆ ಹೋಯಿತು, ಸಾಲದೆ ಇನ್ನೂ ಒಂದನ್ನು ಸಾಲ ತಂದಿತು. ಆ ಸಾಲವೇ ಟ್ಯಾನ್ ಇನ್ವರ್ಸ್ ಮುಂದೆ ಕೂತ ಋಣ ಚಿಹ್ನೆ.

B ಸರಿ ಇದೆಯೋ ಇಲ್ಲವೋ, ಬಾಯಲ್ಲೇ ನೋಡುವುದು

ಶಾಲೆಯಲ್ಲಿ A, B ಹುಡುಕಲು ಗುಣಕ ಹೋಲಿಸಿ ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ B ಯ ಲೆಕ್ಕದಲ್ಲಿ ಚಿಹ್ನೆ ತಪ್ಪುವುದು ದಿನನಿತ್ಯದ ಮಾತು. ನಾನು ನೆಚ್ಚಿಕೊಂಡಿರುವುದು ಬೇರೆ ದಾರಿ.

3x + 5 = A(2x + 4) + B ಎಂಬುದು ಎಲ್ಲ x ಗೂ ನಿಜ. ಹಾಗಾದರೆ 2x + 4 ಸೊನ್ನೆಯಾಗುವ x ಗೂ ನಿಜ, ಅಂದರೆ x = −2 ರಲ್ಲಿ. ಅಲ್ಲಿ A ಇರುವ ಪದ ಪೂರ್ತಿ ಅಳಿಸಿಹೋಗುತ್ತದೆ, B ಒಂದೇ ಉಳಿಯುತ್ತದೆ. 3(−2) + 5 = −1. ಮುಗಿಯಿತು.

x = −2 ಅಂದರೆ ಯಾವುದು? ಛೇದದ ಪರವಲಯ ಎಲ್ಲಕ್ಕಿಂತ ಕೆಳಗಿಳಿಯುವ ಬಿಂದು, ಅದರ ಶೃಂಗ. ಹಾಗಾಗಿ ನಿಯಮವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಟ್ಯಾನ್ ಇನ್ವರ್ಸ್‌ಗೆ ಸಲ್ಲುವುದು ಛೇದದ ಶೃಂಗದಲ್ಲಿ ಅಂಶದ ಬೆಲೆ. ಶೃಂಗ x = −b/2a. ಅಂಶ ಅಲ್ಲಿಯೇ ಸೊನ್ನೆಯಾದರೆ B = 0, ಟ್ಯಾನ್ ಇನ್ವರ್ಸ್ ಬರುವುದೇ ಇಲ್ಲ, ಬರೀ ಲಾಗ್. ಅಂಶದಲ್ಲಿ x ಇಲ್ಲದಿದ್ದರೆ A = 0, ಬರೀ ಟ್ಯಾನ್ ಇನ್ವರ್ಸ್. ಉಳಿದ ಎಲ್ಲ ಲೆಕ್ಕಗಳಲ್ಲೂ ಎರಡೂ ಬರುತ್ತವೆ.

ಎರಡನೇ ತುಂಡು

ಲಾಗ್ ಭಾಗ ಈಗ ಕಣ್ಣಮುಂದೆಯೇ ಇದೆ: (3/2) log(x² + 4x + 13). ಉಳಿದದ್ದು −∫ dx/(x² + 4x + 13). ಇದಕ್ಕೆ ಛೇದದಲ್ಲಿ ವರ್ಗ ಪೂರ್ಣಗೊಳಿಸಬೇಕು. 4x ನ ಅರ್ಧ 2, ಅದರ ವರ್ಗ 4, 13 ರಲ್ಲಿ 4 ತೆಗೆದರೆ 9:

```
x² + 4x + 13 = (x + 2)² + 3²
```

ಇಲ್ಲಿ ಬಳಸುವ ಸೂತ್ರ ∫ du/(u² + k²) = (1/k) tan⁻¹(u/k). ಇದರಲ್ಲಿ k ಎರಡು ಕಡೆ ಬರುತ್ತದೆ, ಎರಡು ಕಡೆಯೂ 3 ಎಂದೇ ಬರೆಯಬೇಕು. 9 ಎಂದು ಬರೆಯುವವರಿದ್ದಾರೆ, ಹೊರಗಿನ 1/3 ಮರೆಯುವವರೂ ಇದ್ದಾರೆ. ಇಡೀ ಉತ್ತರ:

```
(3/2) log(x² + 4x + 13) − (1/3) tan⁻¹((x + 2)/3) + C
```

ಸರಿಯೋ ತಪ್ಪೋ ನೋಡಲು ಹಿಂದಕ್ಕೆ ಹೋಗಿ ಅವಕಲನ ಮಾಡಬೇಕು. ಪೂರ್ತಿ ಮಾಡುವ ಅಗತ್ಯವೂ ಇಲ್ಲ, ಪ್ರತಿ ತುಂಡಿನಿಂದ ಅಂಶಕ್ಕೆ ಏನು ಬರುತ್ತದೆ ಎಂದಷ್ಟೇ ನೋಡಿದರೆ ಸಾಕು. ಲಾಗ್‌ನಿಂದ 3x + 6, ಟ್ಯಾನ್ ಇನ್ವರ್ಸ್‌ನಿಂದ −1, ಕೂಡಿಸಿದರೆ 3x + 5. ಹುಡುಗಿಯ ಉತ್ತರಕ್ಕೆ ಇದೇ ಪರೀಕ್ಷೆ ಒಡ್ಡಿದರೆ 3x + 6 ಮತ್ತು 5, ಒಟ್ಟು 3x + 11. ಅವಳು ಬಿಡಿಸಿದ್ದು ಬೇರೆಯದೇ ಲೆಕ್ಕದ ಉತ್ತರ! ಅದನ್ನು ಅವಳ ಕೈಯಿಂದಲೇ ಮಾಡಿಸಿದೆ. "ಅಂದ್ರ ನಂದು ಉತ್ತರ ಬರೋಬರಿನ ಐತಿ, ಪ್ರಶ್ನೆ ತಪ್ಪೈತಿ" ಅಂದಳು.

x² ಮುಂದೆ ಗುಣಕ ಇದ್ದಾಗ

ಪರೀಕ್ಷೆಯಲ್ಲಿ ಬರುವುದು ಹೆಚ್ಚಾಗಿ ಇಂಥದು:

```
∫ (5x − 2)/(2x² − 6x + 9) dx
```

ಶೋಧಕ 36 − 72 = −36, ಒಡೆಯುವುದಿಲ್ಲ. ಡೆರಿವೇಟಿವ್ 4x − 6, ಹಾಗಾಗಿ A = 5/4. ಶೃಂಗ x = 3/2, ಅಲ್ಲಿ ಅಂಶದ ಬೆಲೆ 15/2 − 2 = 11/2. ಇದೇ B. ಇಲ್ಲಿಯವರೆಗೆ ಹೊಸದೇನೂ ಇಲ್ಲ. ಗುಣಕ 2 ತೊಂದರೆ ಕೊಡುವುದು ಟ್ಯಾನ್ ಇನ್ವರ್ಸ್ ಭಾಗದಲ್ಲಿ.

ವರ್ಗ ಪೂರ್ಣಗೊಳಿಸುವ ಮೊದಲು 2 ನ್ನು ಹೊರಗೆ ತೆಗೆಯಲೇಬೇಕು:

```
2x² − 6x + 9 = 2[x² − 3x + 9/2] = 2[(x − 3/2)² + 9/4]
```

ಈಗ k = 3/2. ಹೊರಗೆ ಬಂದ 2 ಛೇದದಲ್ಲಿ ನಿಂತು 1/2 ಆಗುತ್ತದೆ, 1/k ಯಿಂದ 2/3 ಬರುತ್ತದೆ, B ಯಿಂದ 11/2. ಮೂರನ್ನೂ ಗುಣಿಸಿದರೆ 11/6:

```
(5/4) log(2x² − 6x + 9) + (11/6) tan⁻¹((2x − 3)/3) + C
```

ಹೊರಗೆ ತೆಗೆದ ಆ 2 ನ್ನು ಮುಂದಿನ ಸಾಲಿನಲ್ಲಿ ಬರೆಯಲು ಮರೆತರೆ 11/6 ರ ಬದಲು 11/3 ಬರುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಇದು ಎರಡನೇ ಸ್ಥಾನದ್ದು. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಶೋಧಕದಲ್ಲೇ ಸೂತ್ರ ಮಾಡಿಟ್ಟುಕೊಳ್ಳುತ್ತಾರೆ. S = √(4ac − b²) ಎಂದು ಇಟ್ಟುಕೊಂಡರೆ

```
∫ dx/(ax² + bx + c) = (2/S) tan⁻¹((2ax + b)/S)
```

ಇಲ್ಲಿ S = 6. (2/6) tan⁻¹((4x − 6)/6), ಅದನ್ನು 11/2 ರಿಂದ ಗುಣಿಸಿದರೆ ಅದೇ ಉತ್ತರ. ಒಳಗಿರುವ 2ax + b ಮತ್ತೆ ಛೇದದ ಡೆರಿವೇಟಿವ್‌ ಎಂಬುದನ್ನು ಗಮನಿಸಿ. ನೆನಪಿಡಲು ಅದೊಂದು ಕೊಕ್ಕೆ. ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ ನಾನು ವರ್ಗ ಪೂರ್ಣಗೊಳಿಸಿ ಹಂತ ತೋರಿಸು ಅಂತಲೇ ಹೇಳುತ್ತೇನೆ, ಸೂತ್ರವನ್ನು ತಾಳೆ ನೋಡಲು ಇಟ್ಟುಕೊಂಡರೆ ಸಾಕು.

ಮಿತಿಗಳನ್ನು ಹಾಕಿದಾಗ

ಮೊದಲನೇ ಲೆಕ್ಕಕ್ಕೇ ವಾಪಸು ಬರೋಣ, −2 ರಿಂದ 1 ರವರೆಗೆ. ಛೇದ 1 ರಲ್ಲಿ 18, −2 ರಲ್ಲಿ 9, ಹಾಗಾಗಿ ಲಾಗ್ ಭಾಗ (3/2) log 2. ಟ್ಯಾನ್ ಇನ್ವರ್ಸ್ ಒಳಗೆ ಮೇಲಿನ ಮಿತಿಗೆ 1, ಕೆಳಗಿನದಕ್ಕೆ 0. ಹಾಗಾಗಿ −(1/3)(π/4) = −π/12. ಒಟ್ಟು 1.040 − 0.262 = 0.778.

ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ಮಾಡುವಾಗ ಎರಡು ಗುಂಡಿಗಳು ಮೋಸ ಮಾಡುತ್ತವೆ. ಪುಸ್ತಕದಲ್ಲಿ `log` ಎಂದು ಬರೆದದ್ದು ಇಲ್ಲಿ e ಆಧಾರದ್ದು, ಕ್ಯಾಲ್ಕುಲೇಟರ್‌ನಲ್ಲಿ ಅದಕ್ಕೆ `ln` ಒತ್ತಬೇಕು. `log` ಒತ್ತಿದರೆ 10 ಆಧಾರದ್ದು ಸಿಗುತ್ತದೆ. ಇನ್ನೊಂದು, ಕೋನ ರೇಡಿಯನ್‌ನಲ್ಲೇ ಇರಬೇಕು. ಡಿಗ್ರಿಯಲ್ಲಿ ಬಿಟ್ಟಿದ್ದರೆ tan⁻¹(1) = 45, ಅದರ ಮೂರನೇ ಒಂದು 15, ಉತ್ತರ −13.96. ಇದು ಅಸಾಧ್ಯ ಎಂದು ಲೆಕ್ಕ ಬಿಡಿಸದೆಯೂ ಹೇಳಬಹುದು. ಮೂಲ ಭಿನ್ನರಾಶಿಯ ಬೆಲೆ −2 ರಲ್ಲಿ −0.111, ನಡುವೆ −0.5 ರಲ್ಲಿ 0.311, 1 ರಲ್ಲಿ 0.444. ಹರವು ಬರೀ 3. ಅಷ್ಟರಲ್ಲಿ −14 ಎಲ್ಲಿಂದ ಬರಬೇಕು? ಈ ಮೂರೇ ಬೆಲೆಗಳಿಗೆ, ವಿಸ್ತೀರ್ಣ ಅಂದಾಜು ಮಾಡುವ ಸಿಂಪ್ಸನ್ ನಿಯಮ ಹಚ್ಚಿದರೆ (3/6)(−0.111 + 4 × 0.311 + 0.444), ಸುಮಾರು 0.789. ನಮ್ಮ 0.778 ಕ್ಕೆ ಹತ್ತಿರವೇ ಇದೆ.

ಈಗ ಮಿತಿಗಳನ್ನು −5 ರಿಂದ 1 ಕ್ಕೆ ಬದಲಿಸಿ. ಛೇದದ ಬೆಲೆ ಎರಡೂ ತುದಿಯಲ್ಲಿ 18, ಲಾಗ್ ಭಾಗ ಸೊನ್ನೆ! ಟ್ಯಾನ್ ಇನ್ವರ್ಸ್ −1 ರಿಂದ 1 ಕ್ಕೆ, ಅಂದರೆ π/4 ರಿಂದ −π/4 ಕಳೆದು π/2. ಉತ್ತರ −π/6 ಮಾತ್ರ. ಇದು ಕಾಕತಾಳೀಯ ಅಲ್ಲ. u = x + 2 ಎಂದು ಶೃಂಗಕ್ಕೆ ಸ್ಥಳಾಂತರಿಸಿ ನೋಡಿದರೆ ಅಂಶ 3u − 1, ಛೇದ u² + 9. 3u/(u² + 9) ಬೆಸ ಫಲನ, −1/(u² + 9) ಸಮ ಫಲನ. ಶೃಂಗದ ಎಡಕ್ಕೂ ಬಲಕ್ಕೂ ಅಷ್ಟಷ್ಟೇ ದೂರ ಹೋದರೆ ಬೆಸ ಭಾಗ ತನ್ನನ್ನು ತಾನೇ ಹೊಡೆದುಹಾಕುತ್ತದೆ. ನಾವು ಅಷ್ಟು ಹೊತ್ತು A, B ಎಂದು ಮಾಡಿದ ಪಾಲು ಬೇರೇನೂ ಅಲ್ಲ, ಅಂಶವನ್ನು ಶೃಂಗದ ಸುತ್ತ ಬೆಸ ಮತ್ತು ಸಮ ಎಂದು ಹರಿದದ್ದು. ಬೆಸದ್ದು ಲಾಗ್, ಸಮದ್ದು ಟ್ಯಾನ್ ಇನ್ವರ್ಸ್.

ಇದೇ ಮಿತಿಗಳಲ್ಲಿ ಇನ್ನೊಂದು ಬಲೆಯೂ ಇದೆ. ಕೆಲವು ನೋಟ್ಸ್‌ಗಳಲ್ಲಿ (1/3) tan⁻¹((x + 2)/3) ಬದಲು −(1/3) tan⁻¹(3/(x + 2)) ಎಂದು ಬರೆದಿರುತ್ತದೆ. ಅವಕಲನ ಮಾಡಿದರೆ ಎರಡೂ ಒಂದೇ ಕೊಡುತ್ತವೆ, ಹಾಗಾಗಿ ನನ್ನ ಮೇಲಿನ ಪರೀಕ್ಷೆಯಲ್ಲಿ ಇದು ಪಾಸಾಗಿಬಿಡುತ್ತದೆ. ಆದರೆ ∫ dx/(x² + 4x + 13) ಗೆ −5, 1 ಹಾಕಿ ನೋಡಿ. ಮೊದಲ ರೂಪ π/6 ಕೊಡುತ್ತದೆ, ಎರಡನೆಯದು −π/6. ಸದಾ ಧನವಾಗಿರುವ ಫಲನದ ಕೆಳಗಿನ ವಿಸ್ತೀರ್ಣ ಋಣ ಹೇಗಾದೀತು? ಎರಡನೇ ರೂಪ x = −2 ರಲ್ಲಿ, ಮತ್ತೆ ಅದೇ ಶೃಂಗದಲ್ಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ π/3 ಜಿಗಿಯುತ್ತದೆ. ಮಿತಿಗಳ ನಡುವೆ ಆ ಜಿಗಿತ ಸಿಕ್ಕಿಬಿದ್ದರೆ ಉತ್ತರ ಹಾಳು. (x + 2)/3 ರೂಪಕ್ಕೆ ಎಲ್ಲೂ ಜಿಗಿತವಿಲ್ಲ, ಅದನ್ನೇ ಬರೆಯಿರಿ.

ದೊಡ್ಡ ಲೆಕ್ಕದ ಕೊನೆಯಲ್ಲಿ

ಈ ಕೆಲಸ ಒಂಟಿಯಾಗಿ ಬರುವುದಕ್ಕಿಂತ ಆಂಶಿಕ ಭಿನ್ನರಾಶಿಯ ಬಾಲವಾಗಿ ಬರುವುದೇ ಹೆಚ್ಚು. 1/(x³ + 1) ನ್ನು ತೆಗೆದುಕೊಳ್ಳಿ:

```
1/(x³ + 1) = (1/3)·1/(x + 1) + (1/3)·(2 − x)/(x² − x + 1)
```

ಮೊದಲನೆಯದು ನೇರ ಲಾಗ್. ಎರಡನೆಯದರಲ್ಲಿ ಡೆರಿವೇಟಿವ್ 2x − 1, A = −1/2; ಶೃಂಗ x = 1/2, B = 2 − 1/2 = 3/2. ವರ್ಗ ಪೂರ್ಣಗೊಳಿಸಿದರೆ (x − 1/2)² + 3/4, k = √3/2. ಹೊರಗಿನ 1/3 ನ್ನು ಎರಡೂ ತುಂಡಿಗೆ ಹಂಚಲು ಮರೆಯಬಾರದು, ಲಾಗ್‌ಗೆ ಹಂಚಿ ಟ್ಯಾನ್ ಇನ್ವರ್ಸ್‌ಗೆ ಬಿಡುವುದು ಸಾಮಾನ್ಯ.

```
(1/3) log|x + 1| − (1/6) log(x² − x + 1) + (1/√3) tan⁻¹((2x − 1)/√3) + C
```

ಇಲ್ಲಿ x + 1 ಗೆ ಮಾಡ್ಯುಲಸ್ ಬೇಕು, x² − x + 1 ಕ್ಕೆ ಬೇಡ. ಯಾಕೆಂದು ಮೇಲೆಯೇ ಹೇಳಿದೆ.

ಲಾಗ್ ಮತ್ತು ಟ್ಯಾನ್ ಇನ್ವರ್ಸ್ ಒಂದೇ ಮನೆಯ ಮಕ್ಕಳು ಎಂಬುದು ಹಳೆಯ ವಿಷಯ. ಸಂಕೀರ್ಣ ಸಂಖ್ಯೆಗಳನ್ನು ಒಪ್ಪಿಕೊಂಡರೆ ಒಡೆಯದ ವರ್ಗವೂ ಒಡೆಯುತ್ತದೆ, ಆಗ ಬರುವುದೆಲ್ಲ ಲಾಗೇ. ಯೋಹಾನ್ ಬರ್ನೂಲಿ 1702 ರಲ್ಲೇ ಇದನ್ನು ಗುರುತಿಸಿದ್ದ. ಹನ್ನೆರಡನೇ ಕ್ಲಾಸಿನಲ್ಲಿ ಆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಎರಡು ಹೆಸರು.

ಹುಡುಗಿಯ ಅಣ್ಣ ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ತಂಗಿಯನ್ನು ಕರೆದುಕೊಂಡು ಹೋಗಲು ಬಂದವನು ಬೋರ್ಡ್ ಮೇಲಿನ 3(x + 2) − 1 ನೋಡಿ ನಿಂತ. ಅವರಿಗೆ ಲಾಪ್ಲಾಸ್ ರೂಪಾಂತರದಲ್ಲಿ (3s + 5)/(s² + 4s + 13) ಕೊಟ್ಟು t ಯ ಮೂಲ ಫಲನಕ್ಕೆ ವಾಪಸು ತಿರುಗಿಸಲು ಹೇಳಿದ್ದರಂತೆ. ಅಲ್ಲೂ ಹರಿಯುವ ಗೆರೆ ಇದೇ. s + 2 ಇರುವ ಪಾಲು ಕೊಸೈನ್‌ಗೆ, ಉಳಿದ −1 ಸೈನ್‌ಗೆ, ಅದಕ್ಕೂ 3 ರಿಂದ ಭಾಗಾಕಾರ:

```
e^(−2t) [3 cos 3t − (1/3) sin 3t]
```

"ನಾನೂ 5/3 ಬರದೀನಿ ಕಾಕಾ" ಅಂದ. ತಂಗಿ ನಕ್ಕಳು, ಪೆನ್ನು ತಗೊಂಡು ಅವನ ನೋಟ್‌ಬುಕ್‌ನಲ್ಲಿ s = −2 ಹಾಕಿ ತೋರಿಸಿದಳು.